ಮೊದಲ ಧಾರೆ, ನಡುವಿನ ಧಾರೆ

ಮೂತ್ರ ಪರೀಕ್ಷೆಯ ರಿಪೋರ್ಟು ಕೈಗೆ ಬಂದಾಗ ಹೆಚ್ಚಿನವರ ಕಣ್ಣು ಮೊದಲು ಹೋಗುವುದು ದಪ್ಪ ಅಕ್ಷರದಲ್ಲಿ ಅಚ್ಚಾದ ಸಾಲುಗಳ ಮೇಲೆ. ಪಸ್ ಸೆಲ್ಸ್ 15–20 ಎಂದಿದ್ದರೆ ಮನೆಯಲ್ಲಿ ಒಂದೇ ಮಾತು: ಇನ್ಫೆಕ್ಷನ್ ಆಗಿದೆ. ಅದೇ ಹಾಳೆಯಲ್ಲಿ ಎರಡು ಸಾಲು ಕೆಳಗೆ ಎಪಿಥೀಲಿಯಲ್ ಸೆಲ್ಸ್ ಎಂಬ ಇನ್ನೊಂದು ಸಾಲು ಇರುತ್ತದೆ. ಅದರ ಮುಂದೆ 18–20 ಎಂದು ಬರೆದಿದ್ದರೂ ಯಾರೂ ಅದನ್ನು ಓದುವುದಿಲ್ಲ. ರೋಗದ ಹೆಸರು ಹೇಳುವ ಸಾಲಲ್ಲವಾದ್ದರಿಂದ ಅದು ಮುಖ್ಯವಲ್ಲ ಅನ್ನಿಸುತ್ತದೆ. ಆದರೆ ಉಳಿದ ಸಾಲುಗಳನ್ನು ಎಷ್ಟು ನಂಬಬೇಕು ಎಂದು ಹೇಳುವುದು ಆ ಸಾಲೇ.

ಲ್ಯಾಬಿನವರು ಯೂರಿನ್ ರೂಟೀನ್ ಎಂದು ಕರೆಯುವ ಈ ಪರೀಕ್ಷೆಗೆ ಮೂರು ಹಂತಗಳಿವೆ. ಮೊದಲನೆಯದು ಕಣ್ಣಿನಿಂದ ನೋಡುವುದು: ಬಣ್ಣ ಏನು, ತಿಳಿಯಾಗಿದೆಯೋ ಕದಡಿದೆಯೋ. ಆರೋಗ್ಯವಂತರ ಮೂತ್ರ ತೆಳು ಹಳದಿಯಿಂದ ಗಾಢ ಹಳದಿಯವರೆಗೆ ಹೇಗೂ ಇರಬಹುದು. ಕುಡಿದ ನೀರಿನ ಮೇಲೆ ಅದು ನಿಂತಿದೆ. ಹಿಂದಿನ ರಾತ್ರಿ ಬೀಟ್‌ರೂಟ್ ಪಲ್ಯ ತಿಂದವರಲ್ಲಿ ಕೆಲವರಿಗೆ ಕೆಂಪಾಗುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮಾತ್ರೆ ನುಂಗುವವರಿಗೆ ಕಿತ್ತಳೆ ಬಣ್ಣ ಬರುತ್ತದೆ. ಇವೆರಡೂ ಕಾಯಿಲೆಯಲ್ಲ.

ಎರಡನೆಯದು ರಾಸಾಯನಿಕ ಪರೀಕ್ಷೆ. ಒಂದು ಉದ್ದನೆಯ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಸಾಮಾನ್ಯವಾಗಿ ಹತ್ತು ಪುಟ್ಟ ಚೌಕಗಳು ಅಂಟಿಸಿರುತ್ತವೆ. ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ತೆಗೆದರೆ ಒಂದೊಂದು ಚೌಕವೂ ತನ್ನ ವಸ್ತುವನ್ನು ಕಂಡಾಗ ಬಣ್ಣ ಬದಲಿಸುತ್ತದೆ. ಸಕ್ಕರೆ, ಪ್ರೋಟೀನ್, ಕೀಟೋನ್, ರಕ್ತ, ನೈಟ್ರೈಟ್, ಬಿಳಿ ರಕ್ತಕಣಗಳ ಕಿಣ್ವ, ಆಮ್ಲತೆ, ಸಾಂದ್ರತೆ ಎಲ್ಲವೂ ಅಲ್ಲೇ ತಿಳಿಯುತ್ತವೆ. ಸಕ್ಕರೆ, ಪ್ರೋಟೀನ್, ರಕ್ತ, ನೈಟ್ರೈಟ್ ಇರಬಾರದು. ಸಾಂದ್ರತೆ 1.005ರಿಂದ 1.030ರ ಒಳಗೆ, ಆಮ್ಲತೆಯ ಅಂಕಿ ಸಾಮಾನ್ಯವಾಗಿ 6ರ ಆಸುಪಾಸಿನಲ್ಲಿ ಇರುತ್ತದೆ.

ಮೂರನೆಯದು ಸೂಕ್ಷ್ಮದರ್ಶಕದ ಹಂತ. ಸುಮಾರು 10 ಮಿಲಿಲೀಟರ್ ಮೂತ್ರವನ್ನು ಕೊಳವೆಗೆ ಹಾಕಿ ಐದು ನಿಮಿಷ ಗಿರಗಿರನೆ ತಿರುಗಿಸುತ್ತಾರೆ. ತೇಲುವ ಕಣಗಳೆಲ್ಲ ತಳಕ್ಕೆ ಇಳಿಯುತ್ತವೆ. ಮೇಲಿನ ನೀರನ್ನು ಚೆಲ್ಲಿ, ಉಳಿದ ಗಸಿಯ ಒಂದು ಹನಿಯನ್ನು ಗಾಜಿನ ಮೇಲಿಟ್ಟು ನೋಡುತ್ತಾರೆ. ಹೆಚ್ಚಿನ ಶಕ್ತಿಯ ಮಸೂರದಲ್ಲಿ ಒಂದು ಸಲಕ್ಕೆ ಕಾಣುವ ದುಂಡಗಿನ ಜಾಗಕ್ಕೆ ಒಂದು ಫೀಲ್ಡ್ ಎನ್ನುತ್ತಾರೆ. ಹತ್ತಾರು ಫೀಲ್ಡ್ ನೋಡಿ, ಒಂದೊಂದರಲ್ಲಿ ಸರಾಸರಿ ಎಷ್ಟು ಕಣಗಳಿವೆ ಎಂದು ಬರೆಯುತ್ತಾರೆ. ರಿಪೋರ್ಟಿನಲ್ಲಿ ಪಸ್ ಸೆಲ್ಸ್ 2–3 ಎಂದರೆ ಇಡೀ ಮೂತ್ರದಲ್ಲಿ ಎರಡು ಮೂರು ಅಲ್ಲ, ಒಂದು ಫೀಲ್ಡಿಗೆ ಎರಡು ಮೂರು. ಪಸ್ ಸೆಲ್ಸ್ ಅಂದರೆ ಬಿಳಿ ರಕ್ತಕಣಗಳು. 5ರ ತನಕ ಇದ್ದರೆ ಸಹಜ ಎಂದು ಲ್ಯಾಬುಗಳು ಲೆಕ್ಕ ಹಾಕುತ್ತವೆ. ಕೆಂಪು ರಕ್ತಕಣ 2ರ ತನಕ ಸಹಜ, 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾರಣ ಹುಡುಕಬೇಕು.

ಇಲ್ಲಿ ಎಪಿಥೀಲಿಯಲ್ ಸೆಲ್ಸ್ ಬರುತ್ತವೆ. ಇವು ಮೈಯ ಒಳಹೊದಿಕೆಯಿಂದ ಕಳಚಿ ಬಿದ್ದ ಕೋಶಗಳು. ಇವುಗಳಲ್ಲಿ ಹೆಚ್ಚಿನವು ದೊಡ್ಡದಾಗಿ, ಚಪ್ಪಟೆಯಾಗಿ, ಹಪ್ಪಳದ ಚೂರಿನಂತೆ ಅಂಚು ಮಡಚಿಕೊಂಡು, ನಡುವೆ ಒಂದು ಪುಟ್ಟ ಬೀಜಕಣ ಇಟ್ಟುಕೊಂಡಿರುತ್ತವೆ. ಇವು ಮೂತ್ರಪಿಂಡದಿಂದ ಬರುವುದಿಲ್ಲ, ಮೂತ್ರಕೋಶದಿಂದಲೂ ಬರುವುದಿಲ್ಲ. ಮೂತ್ರನಾಳದ ಕೊನೆಯ ಭಾಗ, ಹೆಂಗಸರಲ್ಲಿ ಯೋನಿ, ಸುತ್ತಲಿನ ಚರ್ಮ, ಇವೇ ಇವುಗಳ ತವರು. ಒಂದು ಫೀಲ್ಡಿಗೆ ಒಂದೆರಡು ಕಂಡರೆ ಯಾವ ಅರ್ಥವೂ ಇಲ್ಲ. ಹದಿನೆಂಟು ಇಪ್ಪತ್ತು ಕಂಡರೆ ಡಬ್ಬಿಯಲ್ಲಿ ಇರುವುದು ಮೂತ್ರಕೋಶದ ಮೂತ್ರ ಮಾತ್ರ ಅಲ್ಲ, ದಾರಿಯಲ್ಲಿ ಚರ್ಮವನ್ನೂ ತೊಳೆದುಕೊಂಡು ಬಂದ ನೀರು ಎಂದು ಅರ್ಥ. ಆ ಜಾಗಗಳಲ್ಲಿ ಬಿಳಿ ರಕ್ತಕಣಗಳೂ ಬ್ಯಾಕ್ಟೀರಿಯಾಗಳೂ ಯಾವಾಗಲೂ ಇರುತ್ತವೆ. ಹಾಗಾಗಿ ಆ ರಿಪೋರ್ಟಿನ ಪಸ್ ಸೆಲ್ಸ್ ಎಲ್ಲಿಯವು ಎಂದು ಹೇಳಲು ಬರುವುದಿಲ್ಲ.

ಇದು ಪುಸ್ತಕದ ಸಂಗತಿಯಾಗಿ ಉಳಿಯದೆ ಒಂದು ಮನೆಯಲ್ಲಿ ಹೇಗೆ ನಡೆಯಿತು ಎಂಬುದನ್ನು ನೋಡಬಹುದು.

ಪುಣೆಯಲ್ಲಿ ಮಗನ ಮನೆಯಲ್ಲಿದ್ದ ಧಾರವಾಡದ ಹಿರಿಯ ಹೆಂಗಸೊಬ್ಬರಿಗೆ 67 ವರ್ಷ. ಬಲ ಮೊಣಕಾಲು ಸವೆದು ಮೆಟ್ಟಿಲು ಹತ್ತುವುದು ಅಸಾಧ್ಯವಾಗಿತ್ತು. ಕೀಲು ಬದಲಿಸುವ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿ, ಅದಕ್ಕೆ ಮುಂಚಿನ ಪರೀಕ್ಷೆಗಳ ಪಟ್ಟಿ ಬಂತು. ಪಟ್ಟಿಯಲ್ಲಿ ಯೂರಿನ್ ರೂಟೀನ್ ಕೂಡ ಇತ್ತು. ರಿಪೋರ್ಟು ಹೀಗಿತ್ತು: ನೋಟಕ್ಕೆ ಸ್ವಲ್ಪ ಕದಡು. ಪ್ರೋಟೀನ್ ಲೇಶ. ರಕ್ತದ ಚೌಕ ಒಂದು ಪ್ಲಸ್. ಬಿಳಿ ಕಣದ ಚೌಕ ಎರಡು ಪ್ಲಸ್. ನೈಟ್ರೈಟ್ ಇಲ್ಲ. ಪಸ್ ಸೆಲ್ಸ್ 15–20, ಎಪಿಥೀಲಿಯಲ್ ಸೆಲ್ಸ್ 18–20, ಕೆಂಪು ಕಣ 6–8, ಬ್ಯಾಕ್ಟೀರಿಯಾ ಇವೆ.

ಅವರಿಗೆ ಉರಿಮೂತ್ರ ಇರಲಿಲ್ಲ, ಜ್ವರ ಇರಲಿಲ್ಲ, ಪದೇ ಪದೇ ಹೋಗಬೇಕೆನಿಸುತ್ತಿರಲಿಲ್ಲ. ಆದರೂ ಮೈಯಲ್ಲಿ ಸೋಂಕು ಇಟ್ಟುಕೊಂಡು ಕೀಲು ಹಾಕುವುದು ಬೇಡವೆಂದು ಐದು ದಿನದ ಆ್ಯಂಟಿಬಯಾಟಿಕ್ ಬರೆದುಕೊಟ್ಟರು. ಹತ್ತು ದಿನ ಬಿಟ್ಟು ಮಾಡಿಸಿದ ಎರಡನೆಯ ರಿಪೋರ್ಟಿನಲ್ಲಿ ಪಸ್ ಸೆಲ್ಸ್ 12–14, ಎಪಿಥೀಲಿಯಲ್ 15–18, ಕೆಂಪು ಕಣ 5–7. ಔಷಧಿಗೆ ಜಗ್ಗದ ಸೋಂಕು ಎಂದುಕೊಂಡು ಇನ್ನೂ ಜೋರಿನ ಮಾತ್ರೆ ಕೊಟ್ಟರು. ಅದರಿಂದ ಹೊಟ್ಟೆ ಕೆಟ್ಟು ನಾಲ್ಕು ದಿನ ಮಲಗಿದರು. ಆಮೇಲೆ ಕಲ್ಚರಿಗೆ ಕಳಿಸಿದರು. ಕಲ್ಚರ್ ಎಂದರೆ ಮೂತ್ರವನ್ನು ಆಹಾರದ ತಟ್ಟೆಯ ಮೇಲೆ ಸವರಿ, ಬ್ಯಾಕ್ಟೀರಿಯಾ ಬೆಳೆಯಲು ಬಿಟ್ಟು, ಯಾವುದು ಎಷ್ಟು ಬೆಳೆಯಿತೆಂದು ಎಣಿಸುವುದು. ಮೂರು ಬಗೆಯ ಬ್ಯಾಕ್ಟೀರಿಯಾ ಬೆಳೆದಿವೆ, ಮಾದರಿಯನ್ನು ಮತ್ತೆ ಕಳಿಸಿ ಎಂಬ ಉತ್ತರ ಬಂತು. ಶಸ್ತ್ರಚಿಕಿತ್ಸೆಯ ದಿನ ಮುಂದಕ್ಕೆ ಹೋಯಿತು.

ಮೂರು ಬಗೆ ಬೆಳೆದಿವೆ ಎಂಬುದನ್ನು ಮನೆಯವರು ಮೂರು ಪಟ್ಟು ಸೋಂಕು ಎಂದು ಓದಿಕೊಂಡು ಹೆದರಿದರು. ಅದು ನಿಜವಾಗಿ ಹೇಳುವುದು ತಿರುಗುಮುರುಗಿನ ಮಾತು. ಮೂತ್ರಕೋಶಕ್ಕೆ ಸೋಂಕು ತಗಲಿದಾಗ ಸಾಮಾನ್ಯವಾಗಿ ಒಂದೇ ಜಾತಿಯ ಬ್ಯಾಕ್ಟೀರಿಯಾ ಅಲ್ಲಿ ಬೇರೂರಿ ದೊಡ್ಡ ಸಂಖ್ಯೆಯಲ್ಲಿ ಬೆಳೆಯುತ್ತದೆ. ಹೆಚ್ಚಿನ ಸಲ ಅದು ಇ. ಕೊಲೈ. ಮೂರು ನಾಲ್ಕು ಜಾತಿ ಒಟ್ಟಿಗೆ ಬಂದರೆ ಅದು ಚರ್ಮದ ಸಂತೆ. ಕೊಳವೆ ಹಾಕಿಸಿಕೊಂಡವರಲ್ಲಿ ಮಾತ್ರ ಈ ಮಾತು ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

ಹುಬ್ಬಳ್ಳಿಯ ಒಂದು ಲ್ಯಾಬಿನಲ್ಲಿ ಹದಿನೈದು ವರ್ಷದಿಂದ ಟೆಕ್ನೀಷಿಯನ್ ಆಗಿದ್ದ ಅವರ ಅಣ್ಣನ ಮಗಳು ಫೋನಿನಲ್ಲಿ ಮೂರೂ ರಿಪೋರ್ಟಿನ ಫೋಟೊ ತರಿಸಿಕೊಂಡಳು. ಅವಳು ಪಸ್ ಸೆಲ್ಸ್ ಬಗ್ಗೆ ಏನೂ ಕೇಳಲಿಲ್ಲ.

“ಅತ್ತಿ, ಡಬ್ಬಿ ಹೆಂಗ ತುಂಬಿದ್ರಿ?”

“ಹೆಂಗ ಅಂದ್ರ? ಮೊಣಕಾಲು ಬಗ್ಗಂಗಿಲ್ಲ, ಡಬ್ಬಿ ಸಣ್ಣದು. ಬಚ್ಚಲದಾಗಿನ ಮಗ್ಗಿನಾಗ ಹಿಡದು ಡಬ್ಬಿಗೆ ಸುರವಿದೆ.”

“ಮೊದಲಿಂದ ಹಿಡದ್ರೋ, ನಡುವಿಂದು ಹಿಡದ್ರೋ?”

“ಪೂರಾ ಹಿಡದೆ. ಕಮ್ಮಿ ಆದ್ರ ಮತ್ತ ಕೇಳ್ತಾರಂತ.”

“ಎಷ್ಟೊತ್ತಿಗೆ?”

“ಮುಂಜಾನೆ ಆರಕ್ಕ. ಹುಡುಗ ಎಂಟೂವರಿಗೆ ಬಂದು ಒಯ್ದ.”

ಆ ಹುಡುಗ ಇನ್ನೂ ಹತ್ತು ಮನೆ ಸುತ್ತಿ ಲ್ಯಾಬಿಗೆ ತಲುಪಿದ್ದು ಹನ್ನೊಂದರ ಹೊತ್ತಿಗೆ. ಅದು ಏಪ್ರಿಲ್ ತಿಂಗಳು. ಚೀಲದಲ್ಲಿ ಐಸ್ ಇರಲಿಲ್ಲ. ಈ ಉತ್ತರಗಳಲ್ಲಿ ಮೂರು ರಿಪೋರ್ಟುಗಳ ಅರ್ಧ ಕಥೆ ಇತ್ತು.

ಮೊದಲನೆಯದು ಮಗ್ಗು. ಬಚ್ಚಲಿನ ಮಗ್ಗಿನ ಒಳಗೋಡೆಯಲ್ಲಿ ಸೋಪಿನ ಪದರವೂ ಅದಕ್ಕೆ ಅಂಟಿಕೊಂಡ ಬ್ಯಾಕ್ಟೀರಿಯಾಗಳೂ ಇರುತ್ತವೆ. ಸೋಪು, ಫಿನಾಯಿಲು ಸೇರಿದ ಮೂತ್ರದಲ್ಲಿ ಪಟ್ಟಿಯ ಚೌಕಗಳೂ ಸುಳ್ಳು ಹೇಳುತ್ತವೆ. ಪ್ರೋಟೀನ್ ಇಲ್ಲದಿದ್ದರೂ ಇದೆ ಎನ್ನಬಹುದು, ಬ್ಲೀಚಿನ ಅಂಶವಿದ್ದರೆ ರಕ್ತವಿದೆ ಎನ್ನಬಹುದು. ಲ್ಯಾಬಿನ ಡಬ್ಬಿಗೆ ಬಿಗಿ ಮುಚ್ಚಳ ಇಟ್ಟು ಕೊಡುವುದು ಒಳಗೆ ಬೇರೆ ಏನೂ ಹೋಗಬಾರದೆಂದೇ.

ಎರಡನೆಯದು ಮೊದಲ ಧಾರೆ. ಮೂತ್ರನಾಳದ ಹೊರತುದಿಯಲ್ಲಿ ಬ್ಯಾಕ್ಟೀರಿಯಾಗಳು ಸದಾ ವಾಸವಾಗಿರುತ್ತವೆ; ಆರೋಗ್ಯವಂತರಲ್ಲೂ ಅಷ್ಟೇ. ಮೊದಲು ಹೊರಬರುವ 20–30 ಮಿಲಿಲೀಟರ್ ಆ ದಾರಿಯನ್ನು ತೊಳೆದು ಬರುತ್ತದೆ. ಮಳೆಗಾಲದ ಮೊದಲ ಮಳೆಯ ನೀರನ್ನು ತೊಟ್ಟಿಗೆ ಬಿಡದೆ ಮಾಡು ತೊಳೆಯಲು ಬಿಡುವ ಹಾಗೆ ಈ ಮೊದಲ ಪಾಲನ್ನು ಹೋಗಲು ಬಿಡಬೇಕು. ಅದರ ನಂತರ ಬರುವುದು ಮೂತ್ರಕೋಶದಲ್ಲಿ ಏನಿದೆಯೋ ಅದನ್ನೇ ಹೇಳುತ್ತದೆ. ನಡುವಿನ ಧಾರೆ ಎಂದು ಒತ್ತಿ ಹೇಳುವುದಕ್ಕೆ ಇರುವ ಕಾರಣ ಇಷ್ಟೇ. ಇದಕ್ಕೆ ಒಂದು ಅಪವಾದ ಇದೆ: ಮೂತ್ರನಾಳದಲ್ಲೇ ಇರುವ ಕ್ಲಮೈಡಿಯಾದಂಥ ಸೋಂಕನ್ನು ಹುಡುಕುವಾಗ ಬೇಕೆಂದೇ ಮೊದಲ ಧಾರೆಯನ್ನು ಹಿಡಿಯುತ್ತಾರೆ. ಯಾವುದು ಕಸವೋ ಅದೇ ಅಲ್ಲಿ ಸುದ್ದಿ.

ಮೂರನೆಯದು ಐದು ಗಂಟೆ. ಡಬ್ಬಿಯ ಮುಚ್ಚಳ ಹಾಕಿದ ಮೇಲೂ ಮೂತ್ರ ಬದಲಾಗುತ್ತಲೇ ಇರುತ್ತದೆ. ಬೆಚ್ಚಗಿನ ಕೋಣೆಯಲ್ಲಿ ಬ್ಯಾಕ್ಟೀರಿಯಾ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆ ಎಂದು ಇಟ್ಟುಕೊಂಡರೆ, ಒಂದು ಮಿಲಿಲೀಟರಿನಲ್ಲಿ 1000 ಇದ್ದದ್ದು ಒಂದು ಗಂಟೆಗೆ 4000, ಎರಡು ಗಂಟೆಗೆ 16,000, ಮೂರೂವರೆ ಗಂಟೆಗೆ 1,28,000 ಆಗುತ್ತದೆ. ಮಿಲಿಲೀಟರಿಗೆ ಒಂದು ಲಕ್ಷ ಎಂಬುದು ಅಮೆರಿಕದ ವೈದ್ಯ ಎಡ್ವರ್ಡ್ ಕಾಸ್ 1950ರ ದಶಕದಲ್ಲಿ ಹಾಕಿಕೊಟ್ಟ ಗೆರೆ. ಚರ್ಮದಿಂದ ಸೇರಿದ ಚಿಲ್ಲರೆಯನ್ನೂ ಮೂತ್ರಕೋಶದಲ್ಲಿ ಬೆಳೆದದ್ದನ್ನೂ ಬೇರೆ ಮಾಡಲು ಇಂದಿಗೂ ಬಳಸುವ ಗೆರೆ ಅದು. ಚರ್ಮದಿಂದ ಸೇರಿದ ಸಾವಿರ ಬ್ಯಾಕ್ಟೀರಿಯಾ ಕಿಟಕಿಯ ಪಕ್ಕದಲ್ಲಿ ಕೂತೇ ಆ ಗೆರೆಯನ್ನು ದಾಟಿಬಿಡಬಲ್ಲವು.

ಕೆಲವು ಬ್ಯಾಕ್ಟೀರಿಯಾ ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಆಗ ಆಮ್ಲತೆ ಕಡಿಮೆಯಾಗಿ ಅಂಕಿ ಮೇಲೇರುತ್ತದೆ. ಅಂಥ ಮೂತ್ರದಲ್ಲಿ ಕೆಂಪು ಕಣ, ಬಿಳಿ ಕಣಗಳು ಒಡೆದು ಕರಗುತ್ತವೆ. ಮೂತ್ರಪಿಂಡದ ನಳಿಗೆಗಳ ಅಚ್ಚಿನಂತೆ ಇರುವ ಕ್ಯಾಸ್ಟ್‌ಗಳು ಇನ್ನೂ ಬೇಗ ಹಾಳಾಗುತ್ತವೆ. ಸಕ್ಕರೆ ಇದ್ದರೆ ಬ್ಯಾಕ್ಟೀರಿಯಾ ಅದನ್ನು ತಿಂದು ಮುಗಿಸುತ್ತದೆ. ಅಂದರೆ ತಡವಾದ ಮಾದರಿಯಲ್ಲಿ ಇಲ್ಲದ ರೋಗ ಕಾಣುತ್ತದೆ, ಇರುವ ರೋಗ ಮರೆಯಾಗುತ್ತದೆ. ಆದ್ದರಿಂದ ಕೋಣೆಯ ಬಿಸಿಯಲ್ಲಿ ಎರಡು ಗಂಟೆಯೊಳಗೆ ಪರೀಕ್ಷೆ ಆಗಬೇಕು. ಆಗದಿದ್ದರೆ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿಡಬೇಕು, ಫ್ರೀಜರಿನಲ್ಲಿ ಇಡಬಾರದು. ತಣ್ಣಗಾದಾಗ ಲವಣಗಳು ಹೆಪ್ಪುಗಟ್ಟಿ ಮೂತ್ರ ಕದಡಿದಂತೆ ಕಾಣಬಹುದು. ಅದು ಲ್ಯಾಬಿನವರಿಗೆ ಗೊತ್ತಿರುವ ಸಂಗತಿ, ಕೋಣೆಯ ಬಿಸಿಗೆ ಬಂದ ಮೇಲೆ ನೋಡುತ್ತಾರೆ.

ನೈಟ್ರೈಟ್ ಸಾಲು ಮೊದಲ ಎರಡು ರಿಪೋರ್ಟುಗಳಲ್ಲೂ ಇಲ್ಲ ಎಂದೇ ಇತ್ತು. ಊಟದಿಂದ ಮೂತ್ರಕ್ಕೆ ಬರುವ ನೈಟ್ರೇಟನ್ನು ಇ. ಕೊಲೈಯಂಥ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ. ಅದಕ್ಕೆ ಮೂತ್ರ ಮೂತ್ರಕೋಶದಲ್ಲಿ ಸುಮಾರು ನಾಲ್ಕು ಗಂಟೆ ನಿಂತಿರಬೇಕು. ಬೆಳಗಿನ ಮೊದಲ ಮೂತ್ರವನ್ನು ಕೇಳುವುದಕ್ಕೆ ಇದೂ ಒಂದು ಕಾರಣ. ಅದು ರಾತ್ರಿಯೆಲ್ಲ ನಿಂತು ಗಟ್ಟಿಯಾಗಿರುತ್ತದೆ. ನೈಟ್ರೈಟ್ ಇದ್ದರೆ ಸೋಂಕಿನ ಅನುಮಾನ ಬಲವಾಗುತ್ತದೆ. ಇಲ್ಲದಿದ್ದರೆ ಸೋಂಕಿಲ್ಲ ಎಂದು ಹೇಳಲಾಗದು, ಏಕೆಂದರೆ ಕೆಲವು ಜಾತಿಯ ಬ್ಯಾಕ್ಟೀರಿಯಾಗಳಿಗೆ ಈ ವಿದ್ಯೆಯೇ ಬರುವುದಿಲ್ಲ. ಆದರೆ ನೈಟ್ರೈಟ್ ಇಲ್ಲ, ಉರಿ ಇಲ್ಲ, ಜ್ವರ ಇಲ್ಲ, ಎಪಿಥೀಲಿಯಲ್ ಕೋಶ ಮಾತ್ರ ರಾಶಿ ಎಂದಾಗ, ಮಾತ್ರೆಗಿಂತ ಮೊದಲು ಹೊಸ ಡಬ್ಬಿ ಬೇಕು.

ಹೊಸ ಡಬ್ಬಿಯನ್ನು ಈ ಸಲ ಲ್ಯಾಬಿನ ಶೌಚಾಲಯದಲ್ಲೇ ತುಂಬಿಸಿದರು. ಸೊಸೆ ಜೊತೆಗೆ ಹೋದಳು. ಅಣ್ಣನ ಮಗಳು ಫೋನಿನಲ್ಲಿ ಹೇಳಿಕೊಟ್ಟ ಕ್ರಮ ಹೀಗಿತ್ತು.

ಮೊದಲು ಕೈಯನ್ನು ಸೋಪಿನಿಂದ ತೊಳೆಯಬೇಕು. ಡಬ್ಬಿಯ ಮುಚ್ಚಳ ತೆಗೆದು, ಒಳಮೈ ಮೇಲ್ಮುಖವಾಗಿ ಇರುವಂತೆ ಒಣಗಿದ ಜಾಗದಲ್ಲಿಡಬೇಕು. ಡಬ್ಬಿಯ ಒಳಗೂ ಮುಚ್ಚಳದ ಒಳಗೂ ಬೆರಳು ತಾಗಬಾರದು. ಕುಕ್ಕರುಗಾಲಿನಲ್ಲಿ ಕೂರಲಾಗದವರು ಕಮೋಡಿನ ಮೇಲೆ ಸ್ವಲ್ಪ ಹಿಂದೆ ಸರಿದು, ಎರಡೂ ಕಾಲನ್ನು ಅಗಲಿಸಿ ಕೂರಬೇಕು. ಆ ಜಾಗವನ್ನು ಬರೀ ನೀರಿನಿಂದ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಹಿಂದಿನಿಂದ ಮುಂದಕ್ಕೆ ಕೈ ತಂದರೆ ಮಲದ ಬ್ಯಾಕ್ಟೀರಿಯಾ ಮುಂದೆ ಬರುತ್ತದೆ. ಡೆಟಾಲ್, ಸ್ಯಾವ್ಲಾನ್ ಬೇಡ. ಅದು ಮೂತ್ರಕ್ಕೆ ಸೇರಿದರೆ ನಿಜವಾದ ಬ್ಯಾಕ್ಟೀರಿಯಾವನ್ನೂ ಕೊಂದು ಕಲ್ಚರನ್ನು ಸುಳ್ಳು ಮಾಡುತ್ತದೆ. ತೊಳೆದ ಮೇಲೆ ಚೊಕ್ಕ ಹತ್ತಿಯಿಂದಲೋ ಟಿಶ್ಯೂವಿನಿಂದಲೋ ಒತ್ತಿ ಒರೆಸಬೇಕು.

ಆಮೇಲೆ ಒಂದು ಕೈಯ ಎರಡು ಬೆರಳಿನಿಂದ ಯೋನಿಯ ತುಟಿಗಳನ್ನು ಅಗಲಿಸಿ ಹಿಡಿದು, ಮುಗಿಯುವ ತನಕ ಬಿಡಬಾರದು. ಹೆಂಗಸರ ಮಾದರಿ ಕೆಡುವುದು ಹೆಚ್ಚಾಗಿ ಈ ಒಂದು ಹೆಜ್ಜೆ ತಪ್ಪಿದಾಗ. ಲ್ಯಾಬಿನ ಕಿಟಕಿಯಲ್ಲಿ ನಾಚಿಕೆಯಿಂದ ಯಾರೂ ಬಿಡಿಸಿ ಹೇಳದ ಹೆಜ್ಜೆಯೂ ಇದೇ. ಗಂಡಸರಾದರೆ ಮುಂದೊಗಲನ್ನು ಹಿಂದಕ್ಕೆ ಸರಿಸಿ ತುದಿಯನ್ನು ತೊಳೆದುಕೊಳ್ಳಬೇಕು, ಮುಗಿದ ಮೇಲೆ ಮುಂದಕ್ಕೆ ತರಬೇಕು.

ಮೂತ್ರ ಹೊರಡಲಿ, ಮೊದಲ ಎರಡು ಮೂರು ಸೆಕೆಂಡು ಕಮೋಡಿಗೆ ಹೋಗಲಿ. ನಿಲ್ಲಿಸದೆ, ಹರಿಯುತ್ತಿರುವ ಧಾರೆಯ ಕೆಳಗೆ ಡಬ್ಬಿಯನ್ನು ತರಬೇಕು. ಮೈಗೆ ಡಬ್ಬಿಯ ಅಂಚು ತಾಗಬಾರದು. ಅರ್ಧ ಡಬ್ಬಿ, ಅಂದರೆ 20–30 ಮಿಲಿಲೀಟರ್, ತುಂಬಿದರೆ ಧಾರಾಳ. ಧಾರೆ ನಿಲ್ಲುವ ಮೊದಲೇ ಡಬ್ಬಿಯನ್ನು ಪಕ್ಕಕ್ಕೆ ತೆಗೆಯಬೇಕು. ಕೊನೆಯ ಹನಿಗಳು ಬೇಡ. ಮುಚ್ಚಳ ಬಿಗಿದು, ಹೆಸರಿನ ಜೊತೆ ಹಿಡಿದ ಗಂಟೆಯನ್ನೂ ಡಬ್ಬಿಯ ಮೈಮೇಲೆ ಬರೆಯಬೇಕು. ಮುಚ್ಚಳದ ಮೇಲಲ್ಲ, ಮುಚ್ಚಳ ಅದಲುಬದಲಾಗುತ್ತದೆ. ಮುಟ್ಟಿನ ದಿನಗಳಾಗಿದ್ದರೆ ಮುಂದೂಡುವುದು ಒಳ್ಳೆಯದು, ಆಗದಿದ್ದರೆ ಲ್ಯಾಬಿನವರಿಗೆ ಹೇಳಬೇಕು. ಕಲ್ಚರ್ ಮಾಡಿಸುವುದಾದರೆ ಆ್ಯಂಟಿಬಯಾಟಿಕ್ಕಿನ ಮೊದಲ ಮಾತ್ರೆಗೆ ಮುಂಚೆ ಮಾದರಿ ಕೊಡಬೇಕು.

ಅರ್ಧ ಗಂಟೆಯೊಳಗೆ ನೋಡಿದ ಆ ಮಾದರಿಯ ರಿಪೋರ್ಟು ಬೇರೆಯೇ ಇತ್ತು. ನೋಟಕ್ಕೆ ತಿಳಿ. ಪ್ರೋಟೀನ್ ಇಲ್ಲ. ಬಿಳಿ ಕಣದ ಚೌಕ ಇಲ್ಲ. ನೈಟ್ರೈಟ್ ಇಲ್ಲ. ಪಸ್ ಸೆಲ್ಸ್ 1–2, ಎಪಿಥೀಲಿಯಲ್ 0–1, ಬ್ಯಾಕ್ಟೀರಿಯಾ ಕಾಣಲಿಲ್ಲ. ಎರಡು ಕೋರ್ಸು ಮಾತ್ರೆ ನುಂಗಿದ್ದು ಇಲ್ಲದ ಸೋಂಕಿಗೆ ಎಂದು ಮನೆಯವರಿಗೆ ಸಮಾಧಾನವೂ ಸಿಟ್ಟೂ ಒಟ್ಟಿಗೆ ಬಂತು. ಮಗ ಶಸ್ತ್ರಚಿಕಿತ್ಸೆಗೆ ಹೊಸ ದಿನ ಕೇಳಲು ಫೋನ್ ಎತ್ತಿಕೊಂಡ.

ಅಣ್ಣನ ಮಗಳು ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟಳು. ಕೆಂಪು ಕಣ 8–10. ರಕ್ತದ ಚೌಕ ಎರಡು ಪ್ಲಸ್.

“ಅತ್ತಿ, ಇದು ಮೊದಲನೇ ರಿಪೋರ್ಟಿನಾಗೂ ಐತಿ, ಎರಡನೇದ್ರಾಗೂ ಐತಿ. ಉಳದದ್ದೆಲ್ಲಾ ಹೋತು, ಇದೊಂದು ಹೋಗಿಲ್ಲ. ಮೊಣಕಾಲು ಆಮೇಲೆ ನೋಡೂಣು. ಮೊದಲ ಮೂತ್ರದ ಡಾಕ್ಟರಿಗೆ ತೋರಸ್ರಿ.”

ಈ ಅಂಕಿ ಮೊದಲಿನಿಂದಲೂ ಹಾಳೆಯ ಮೇಲಿತ್ತು. ಆದರೆ ಪಸ್ ಸೆಲ್ಸ್ ಜೊತೆಗೆ ಇದ್ದಾಗ ಸೋಂಕಿನಿಂದಲೇ ಸ್ವಲ್ಪ ರಕ್ತ ಬಂದಿದೆ ಎನ್ನುವುದು ತಾರ್ಕಿಕವಾಗಿತ್ತು. ಸೋಂಕು ಹಾಗೆ ಮಾಡುತ್ತದೆ ಕೂಡ. ಮುಟ್ಟು ನಿಂತ ವಯಸ್ಸಿನಲ್ಲಿ ಯೋನಿಯ ತೆಳು ಪದರದಿಂದಲೂ ನಾಲ್ಕು ಕಣ ಬೀಳಬಹುದು. ಕೆಟ್ಟ ಮಾದರಿ ಇಲ್ಲದ ಸೋಂಕನ್ನು ತೋರಿಸಿದ್ದಷ್ಟೇ ಅಲ್ಲ, ಇದ್ದ ರಕ್ತಕ್ಕೆ ಒಂದು ಸುಲಭದ ವಿವರಣೆಯನ್ನೂ ಒದಗಿಸಿತ್ತು. ಮಾದರಿ ಚೊಕ್ಕವಾದಾಗ ಆ ವಿವರಣೆಗೆ ನೆಲೆ ಉಳಿಯಲಿಲ್ಲ.

ಕಣ್ಣಿಗೆ ಕಾಣದ ರಕ್ತ ಎಲ್ಲಿಂದ ಬರುತ್ತಿದೆ ಎಂಬುದಕ್ಕೂ ಅದೇ ಹಾಳೆಯಲ್ಲಿ ಸುಳಿವು ಇರುತ್ತದೆ. ಮೂತ್ರಪಿಂಡದ ಜರಡಿಯಿಂದ ನುಸುಳಿ ಬಂದ ಕೆಂಪು ಕಣಗಳು ಹಿಂಡಿಸಿಕೊಂಡು ಆಕಾರ ಕೆಟ್ಟಿರುತ್ತವೆ. ಜೊತೆಗೆ ಪ್ರೋಟೀನ್ ಇರುತ್ತದೆ, ಕೆಂಪು ಕಣಗಳ ಕ್ಯಾಸ್ಟ್ ಕಾಣಬಹುದು. ಮೂತ್ರಕೋಶದಿಂದಲೋ ನಾಳದಿಂದಲೋ ಬಂದ ಕಣಗಳು ದುಂಡಗೆ, ಒಂದೇ ತೆರನಾಗಿ ಇರುತ್ತವೆ. ಇವರ ಕಣಗಳು ದುಂಡಗಿದ್ದವು, ಪ್ರೋಟೀನ್ ಇರಲಿಲ್ಲ. ಇನ್ನು, ರಕ್ತದ ಚೌಕ ಬಣ್ಣ ಬದಲಿಸಿದರೂ ಸೂಕ್ಷ್ಮದರ್ಶಕದಲ್ಲಿ ಕಣವೇ ಕಾಣದಿದ್ದರೆ ಅದು ಬೇರೆ ವಿಷಯ: ಒಡೆದ ರಕ್ತದ ಬಣ್ಣಕ್ಕೂ, ಸ್ನಾಯು ಜಜ್ಜಿದಾಗ ಇಳಿಯುವ ಬಣ್ಣಕ್ಕೂ ಆ ಚೌಕ ಒಂದೇ ತೆರ ಸ್ಪಂದಿಸುತ್ತದೆ. ವಿಟಮಿನ್ ಸಿ ಮಾತ್ರೆ ಹೆಚ್ಚು ತಿಂದವರಲ್ಲಿ ರಕ್ತವಿದ್ದರೂ ಚೌಕ ಸುಮ್ಮನಿರಬಹುದು. ಆದ್ದರಿಂದಲೇ ಪಟ್ಟಿಯೊಂದನ್ನೇ ನಂಬಿ ತೀರ್ಮಾನ ಮಾಡುವುದಿಲ್ಲ, ಕಣಗಳನ್ನು ಎಣಿಸಬೇಕು.

ಮೂತ್ರರೋಗ ತಜ್ಞರು ಮೂತ್ರಕೋಶ ತುಂಬಿಸಿಕೊಂಡು ಅಲ್ಟ್ರಾಸೌಂಡ್ ಮಾಡಿಸಲು ಹೇಳಿದರು. ಮೂತ್ರಕೋಶದ ಎಡಗೋಡೆಗೆ ಅಂಟಿಕೊಂಡು 1.2 ಸೆಂಟಿಮೀಟರಿನ ಒಂದು ಗಂಟು ಕಂಡಿತು. ತೆಳ್ಳಗಿನ ಕೊಳವೆಯ ಕ್ಯಾಮೆರಾ ಒಳಗೆ ಬಿಟ್ಟು ನೋಡಿ, ಹೊಟ್ಟೆ ಕೊಯ್ಯದೆ ಅದೇ ದಾರಿಯಲ್ಲಿ ಅದನ್ನು ಕೆರೆದು ತೆಗೆದರು. ಪರೀಕ್ಷೆಯಲ್ಲಿ ಅದು ಕ್ಯಾನ್ಸರ್ ಎಂದೇ ಬಂತು. ಆದರೆ ಒಳಪದರದಲ್ಲೇ ಉಳಿದಿದ್ದ, ಸ್ನಾಯುವಿಗೆ ಇಳಿಯದ, ಕಡಿಮೆ ದರ್ಜೆಯದು. ಇಂಥವು ಮತ್ತೆ ಮೊಳೆಯುವ ಸ್ವಭಾವದವು, ಹಾಗಾಗಿ ಮೂರು ತಿಂಗಳಿಗೆ ಮತ್ತೆ ಕ್ಯಾಮೆರಾ, ಆಮೇಲೆ ಗೊತ್ತಾದ ಅಂತರದಲ್ಲಿ ಮತ್ತೆ ಮತ್ತೆ. ಮೂರು ತಿಂಗಳ ನೋಟ ಚೊಕ್ಕವಾಗಿತ್ತು. ಮೊಣಕಾಲಿನ ಶಸ್ತ್ರಚಿಕಿತ್ಸೆ ಅದರ ನಂತರ ಆಯಿತು.

ಕೆಂಪು ಕಣ ಕಂಡವರಿಗೆಲ್ಲ ಗಂಟು ಇರುತ್ತದೆ ಎಂದಲ್ಲ. ಕಲ್ಲು, ಗಂಡಸರ ಪ್ರಾಸ್ಟೇಟ್, ಮೂತ್ರಪಿಂಡದ ಉರಿಯೂತ, ಹಿಂದಿನ ದಿನದ ಕಠಿಣ ವ್ಯಾಯಾಮ, ಹೀಗೆ ಕಾರಣಗಳು ಹಲವು. ಎಷ್ಟೋ ಜನರಲ್ಲಿ ಹುಡುಕಿದರೂ ಏನೂ ಸಿಗುವುದಿಲ್ಲ. ಆದರೆ ಸೋಂಕೆಂದು ಮದ್ದು ಕೊಟ್ಟ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ, ಕೆಂಪು ಕಣ ಹೋಯಿತೇ ಎಂದು ನೋಡಲೇಬೇಕು. ಸೋಂಕು ಹೋದ ಮೇಲೂ ಅದು ಉಳಿದರೆ ಸೋಂಕು ಅದಕ್ಕೆ ಕಾರಣವಲ್ಲ. ಹೆಂಗಸರಲ್ಲಿ ಉರಿಮೂತ್ರ ಸಾಮಾನ್ಯವಾದ್ದರಿಂದ ಅವರ ಮೂತ್ರದ ರಕ್ತ ಸೋಂಕಿನ ಲೆಕ್ಕಕ್ಕೆ ಸುಲಭವಾಗಿ ಜಮೆಯಾಗಿಬಿಡುತ್ತದೆ.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಮೊದಲ ರಿಪೋರ್ಟಿನ ಬ್ಯಾಕ್ಟೀರಿಯಾ ನಿಜವಾಗಿಯೂ ಮೂತ್ರಕೋಶದ್ದೇ ಆಗಿದ್ದರೆ ಮಾತ್ರೆ ಬೇಕಿತ್ತೇ? ವಯಸ್ಸಾದ ಹೆಂಗಸರಲ್ಲಿ ಯಾವ ತೊಂದರೆಯನ್ನೂ ಕೊಡದೆ ಮೂತ್ರಕೋಶದಲ್ಲಿ ಬ್ಯಾಕ್ಟೀರಿಯಾ ಇರುವುದು ಅಪರೂಪವಲ್ಲ. ಅಮೆರಿಕದ ಸೋಂಕುರೋಗ ತಜ್ಞರ ಸಂಘದ 2019ರ ಮಾರ್ಗಸೂಚಿ, ಉರಿ ಜ್ವರಗಳಿಲ್ಲದವರಲ್ಲಿ ಅದನ್ನು ಹುಡುಕಿ ಮದ್ದು ಕೊಡುವುದನ್ನು ಎರಡೇ ಸಂದರ್ಭಕ್ಕೆ ಸೀಮಿತಗೊಳಿಸುತ್ತದೆ: ಬಸುರಿಯರಿಗೆ, ಮತ್ತು ಮೂತ್ರದ ದಾರಿಯ ಒಳಪದರಕ್ಕೆ ಗಾಯವಾಗುವಂಥ ಶಸ್ತ್ರಚಿಕಿತ್ಸೆಗೆ ಮುಂಚೆ. ಮೊಣಕಾಲಿನಂಥ ಬೇರೆ ಅಂಗದ ಶಸ್ತ್ರಚಿಕಿತ್ಸೆಗೆ ಅದು ಬೇಡ ಎನ್ನುತ್ತದೆ. ಬಸುರಿಯರ ವಿಷಯದಲ್ಲಿ ಮಾತ್ರ ತದ್ವಿರುದ್ಧ. ಅವರಿಗೆ ಏನೂ ತೊಂದರೆ ಕಾಣದಿದ್ದರೂ ಸೋಂಕು ಮೂತ್ರಪಿಂಡಕ್ಕೆ ಏರುವ ಅಪಾಯ ಇರುವುದರಿಂದ ಕಲ್ಚರ್ ಮಾಡಿಸಿ ಮದ್ದು ಕೊಡಬೇಕು. ಹಾಗಾಗಿ ನಡುವಿನ ಧಾರೆಯನ್ನು ಸರಿಯಾಗಿ ಹಿಡಿಯುವುದು ಅವರಿಗೆ ಎಲ್ಲರಿಗಿಂತ ಹೆಚ್ಚು ಬೇಕು: ಕೆಟ್ಟ ಮಾದರಿಯಿಂದ ಬೇಡದ ಮಾತ್ರೆ ಹೊಟ್ಟೆಗೆ ಹೋಗಬಾರದು, ಬೇಕಾದ ಮಾತ್ರೆ ತಪ್ಪಲೂಬಾರದು.

ರಿಪೋರ್ಟನ್ನು ಓದುವ ಕ್ರಮವನ್ನು ಇದರಿಂದ ಹೀಗೆ ಇಟ್ಟುಕೊಳ್ಳಬಹುದು. ಮೊದಲು ಎಪಿಥೀಲಿಯಲ್ ಸಾಲು ನೋಡಬೇಕು. ಅದು ಹೆಚ್ಚಿದ್ದರೆ ಮಾದರಿಯನ್ನು ಯಾವಾಗ, ಹೇಗೆ ಹಿಡಿದದ್ದು, ಎಷ್ಟು ಹೊತ್ತಿಗೆ ನೋಡಿದ್ದು ಎಂದು ಕೇಳಿ, ವೈದ್ಯರಿಗೆ ಅದನ್ನು ಹೇಳಿ, ಹೊಸ ಮಾದರಿ ಕೊಡಬೇಕು. ಜ್ವರ, ಚಳಿ, ಪಕ್ಕೆನೋವು ಇದ್ದರೆ ಹೊಸ ರಿಪೋರ್ಟಿಗೆ ಕಾಯದೆ ಅವತ್ತೇ ವೈದ್ಯರ ಹತ್ತಿರ ಹೋಗಬೇಕು. ಎಪಿಥೀಲಿಯಲ್ ಕಡಿಮೆಯಿದ್ದರೆ ಆಗ ಪಸ್ ಸೆಲ್ಸ್, ನೈಟ್ರೈಟ್, ಬ್ಯಾಕ್ಟೀರಿಯಾ ಮೂರನ್ನೂ ಸೇರಿಸಿ, ಮೈಯಲ್ಲಿ ಆಗುತ್ತಿರುವ ತೊಂದರೆಯ ಜೊತೆ ಇಟ್ಟು ಓದಬೇಕು. ಕೆಂಪು ಕಣದ ಸಾಲನ್ನು ಮಾತ್ರ ಬೇರೆಯಾಗಿ, ಹಳೆಯ ರಿಪೋರ್ಟುಗಳ ಪಕ್ಕದಲ್ಲಿಟ್ಟು ನೋಡಬೇಕು. ಹಳೆಯ ಹಾಳೆಗಳನ್ನು ಫೈಲಿನಲ್ಲಿ ತಾರೀಕಿನ ಕ್ರಮದಲ್ಲಿ ಜೋಡಿಸಿ ಇಟ್ಟಿದ್ದರೆ ಆ ಕೆಲಸಕ್ಕೆ ಎರಡು ನಿಮಿಷ ಸಾಕು.